ಒಂದೇ ಮನೆಯ ಎರಡು ಟಿಸಿ: ಫೀಸ್ ಬಾಕಿ, ಬಿಇಒ ಕಚೇರಿ ಮತ್ತು ರಾಯಚೂರು ಜಿಲ್ಲೆಯ ಒಂದು ಪ್ರಕರಣ

ಫೀಸ್ ಬಾಕಿ ಇದೆ ಅಂತ ಟಿಸಿ ತಡೆಹಿಡಿಯುವುದು ನಮ್ಮ ಕಡೆ ಪ್ರತಿ ಜೂನ್‌ನಲ್ಲೂ ಇರುವ ಜಗಳ. ನಾನು ಶಿಕ್ಷಣ ಇಲಾಖೆಯಲ್ಲಿದ್ದು ನಿವೃತ್ತನಾದವನು. ಹಾಗಾಗಿ ಅರ್ಜಿ ಬರೆಸಿಕೊಳ್ಳಲು ಜನ ಬರುತ್ತಾರೆ. ಅದರಲ್ಲಿ ಒಂದು ಪ್ರಕರಣವನ್ನು ಮಾತ್ರ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಕಾರಣ ಇಷ್ಟೇ: ಒಂದೇ ಮನೆ, ಒಂದೇ ಶಾಲೆ, ಒಂದೇ ಬಾಕಿ, ಆದರೆ ಮಗಳ ಟಿಸಿ ಬೇಗ ಬಂತು, ಮಗನದು ತಡವಾಯಿತು. ಯಾಕೆ ಅನ್ನುವುದು ಗೊತ್ತಿದ್ದರೆ ಅರ್ಜಿಯನ್ನೇ ಬೇರೆ ಥರ ಬರೆಯಬಹುದು.

ಊರು, ಶಾಲೆ, ಮನುಷ್ಯರ ಹೆಸರು ಯಾವುದೂ ಇಲ್ಲಿ ಇಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ.

ಹಿನ್ನೆಲೆ

ಊರು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿದೆ. ಕೊನೆ ಭಾಗದ ರೈತರ ಪಾಡು ರಾಯಚೂರು ಕಡೆಯವರಿಗೆ ಹೇಳಬೇಕಾಗಿಲ್ಲ. ತಂದೆ ಲೀಸಿಗೆ ಹೊಲ ಹಾಕಿಕೊಂಡು ಭತ್ತ ಬೆಳೆಯುತ್ತಾರೆ. 2023ರಲ್ಲಿ ಬರ ಬಿತ್ತು, ಡ್ಯಾಮ್ ತುಂಬಲಿಲ್ಲ. ಮುಂಗಾರಿನ ಭತ್ತಕ್ಕೆ ನೀರು ಸರಿಯಾಗಿ ಮುಟ್ಟಲಿಲ್ಲ, ಎರಡನೇ ಬೆಳೆಯ ಮಾತೇ ಇರಲಿಲ್ಲ. ಲೀಸಿನ ದುಡ್ಡು ಮಾತ್ರ ಕೊಡಲೇಬೇಕಿತ್ತು.

ಇಬ್ಬರು ಮಕ್ಕಳು ಹೋಬಳಿ ಊರಿನ ಒಂದು ಖಾಸಗಿ ಅನುದಾನರಹಿತ ಇಂಗ್ಲಿಷ್ ಮಾಧ್ಯಮ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಿದ್ದರು. 2023-24ರಲ್ಲಿ ಮಗಳು 7ನೇ ತರಗತಿ, ಮಗ 8ನೇ ತರಗತಿ. ಮಗಳ ಫೀಸು 18,000, ಮಗನದು 21,000, ಇಬ್ಬರ ವ್ಯಾನಿಗೆ ಸೇರಿ 12,000. ಒಟ್ಟು 51,000 ರೂಪಾಯಿ. ಅದರಲ್ಲಿ 15,000 ಕಟ್ಟಿದ್ದರು. ಅಂದರೆ ತಂದೆಯ ಲೆಕ್ಕದಲ್ಲಿ ಬಾಕಿ 36,000. ಶಾಲೆಯ ಲೆಕ್ಕದಲ್ಲಿ 41,000. ನಡುವಿನ 5,000 ನಗದಾಗಿ ಕೊಟ್ಟಿದ್ದು, ರಸೀದಿ ಕೊಟ್ಟಿರಲಿಲ್ಲ. ಕೌಂಟರಿನಲ್ಲಿ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು, ಆ ಚೀಟಿ ಮನೆಯಲ್ಲಿ ಸಿಗಲಿಲ್ಲ.

ಬೇಸಿಗೆ ರಜೆಯಲ್ಲಿ ಗಂಡ ಹೆಂಡತಿ ಕೂತು ಯೋಚಿಸಿದರು. ಪಕ್ಕದ ಊರಿನಲ್ಲಿ ಸರ್ಕಾರಿ ಪ್ರೌಢಶಾಲೆ ಇದೆ, ಇಬ್ಬರನ್ನೂ ಅಲ್ಲಿಗೆ ಹಾಕೋಣ ಅಂತ ತೀರ್ಮಾನಿಸಿದರು. ಮಗಳು 8ಕ್ಕೆ, ಮಗ 9ಕ್ಕೆ. ಮೇ ಕೊನೆಯಲ್ಲಿ ಟಿಸಿ ಕೇಳಲು ಹೋದರು.

ಶಾಲೆ ಹೇಳಿದ್ದೇನು

"ಮೊದ್ಲು ಫೀಸ್ ಕಟ್ರಿ, ಆಮ್ಯಾಲೆ ಟಿಸಿ ಮಾತಾಡೂಣು." ಇದು ಮೊದಲ ದಿನದ ಉತ್ತರ. ಎರಡನೇ ಸಲ ಹೋದಾಗ ಬೇರೆ ಕಾರಣ ಬಂತು: ಮಗನದು 8ನೇ ತರಗತಿ ಮೌಲ್ಯಾಂಕನದ ಫಲಿತಾಂಶ ಇನ್ನೂ ಬಂದಿಲ್ಲ, ಅದಿಲ್ಲದೆ ಟಿಸಿ ಬರೆಯಲು ಆಗುವುದಿಲ್ಲ. ಇದಕ್ಕೆ ಸ್ವಲ್ಪ ಆಧಾರ ಇತ್ತು. ಆ ವರ್ಷ 5, 8, 9ನೇ ತರಗತಿಗಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ನಡೆಸಿ, ಪ್ರಕರಣ ಕೋರ್ಟಿಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಫಲಿತಾಂಶಗಳಿಗೆ ತಡೆ ಕೊಟ್ಟಿತ್ತು. ಆದರೆ ಅದೇ ಶಾಲೆ ಅದೇ ವಾರ ಫೀಸು ಕಟ್ಟಿದ 8ನೇ ತರಗತಿಯ ಬೇರೆ ಮಕ್ಕಳಿಗೆ ಟಿಸಿ ಕೊಟ್ಟಿತ್ತು. ಅಲ್ಲಿಗೆ ನೆಪ ಅಂತ ಗೊತ್ತಾಯಿತು ಅಲ್ವಾ.

ತಂದೆ ಮೊದಲು ಮಾಡಿದ ಕೆಲಸ ಎಲ್ಲರೂ ಮಾಡುವಂಥದ್ದೇ. ಪರಿಚಯದ ಒಬ್ಬರನ್ನು ಕರೆದುಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿಗಳ, ಅಂದರೆ ಬಿಇಒ, ಕಚೇರಿಗೆ ಹೋಗಿ ಬಾಯಲ್ಲಿ ಹೇಳಿದರು. ಕಚೇರಿಯಿಂದ, ಆ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೆ ಫೋನ್ ಹೋಯಿತು, ಸಿಆರ್‌ಪಿಯಿಂದ ಶಾಲೆಗೆ. ಶಾಲೆಯವರು "ಆಯ್ತು ಸರ್, ಕಳಿಸ್ರಿ" ಅಂದರು. ಇವರು ಹೋದಾಗ ಮತ್ತೆ ಅದೇ ಮಾತು. ಫೋನಿಗೆ ದಾಖಲೆ ಇಲ್ಲ. ಯಾರು ಕೇಳಿದರು, ಯಾರು ಇಲ್ಲ ಅಂದರು ಅನ್ನುವುದಕ್ಕೆ ಒಂದು ಹಾಳೆಯೂ ಇರಲಿಲ್ಲ. ಜೂನ್ ಎರಡನೇ ವಾರದಲ್ಲಿ ಅವರು ನನ್ನ ಹತ್ತಿರ ಬಂದಾಗ ಶಾಲೆ ಶುರುವಾಗಿ ಹತ್ತು ಹನ್ನೆರಡು ದಿನ ಆಗಿತ್ತು. ಮಕ್ಕಳಿಬ್ಬರೂ ಮನೆಯಲ್ಲಿದ್ದರು.

ಇಬ್ಬರಿಗೂ ಒಂದೇ ಕಾನೂನು ಅಲ್ಲ

ಎಲ್ಲರೂ ಹೇಳುವ ಕಾನೂನು ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009. ಜನ ಆರ್‌ಟಿಇ ಅನ್ನುವುದು ಇದನ್ನೇ. ಅದರ 5ನೇ ಕಲಂ ಶಾಲೆ ಬದಲಿಸುವ ಹಕ್ಕಿನ ಬಗ್ಗೆ ಇದೆ. 5(3)ರಲ್ಲಿ ಮೂರು ಮಾತು ಇವೆ. ಒಂದು, ಮಗು ಕೊನೆಗೆ ಓದಿದ ಶಾಲೆಯ ಮುಖ್ಯ ಶಿಕ್ಷಕರು ಟಿಸಿಯನ್ನು ತಕ್ಷಣ ಕೊಡಬೇಕು. ಎರಡು, ಟಿಸಿ ತಡವಾಯಿತು ಅಂತ ಹೊಸ ಶಾಲೆ ಪ್ರವೇಶವನ್ನು ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. ಮೂರು, ಟಿಸಿ ತಡಮಾಡಿದ ಮುಖ್ಯ ಶಿಕ್ಷಕರ ಮೇಲೆ ಅವರ ಸೇವಾ ನಿಯಮದಂತೆ ಶಿಸ್ತುಕ್ರಮ ತೆಗೆದುಕೊಳ್ಳಬಹುದು.

ಮೊಬೈಲಿನಲ್ಲಿ ಹರಿದಾಡುವ ಮೆಸೇಜುಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ಈ ಕಲಮಿಗೆ ಎರಡು ಗೆರೆಗಳಿವೆ.

ಮೊದಲನೆಯದು, ಈ ಹಕ್ಕು ಪ್ರಾಥಮಿಕ ಶಿಕ್ಷಣ ಮುಗಿಸುವುದಕ್ಕಾಗಿ ಇರುವಂಥದ್ದು. ಕಾಯ್ದೆಯ ಪ್ರಕಾರ ಅದು 1ರಿಂದ 8ನೇ ತರಗತಿ. ನಮ್ಮಲ್ಲಿ 8ನೇ ತರಗತಿ ಪ್ರೌಢಶಾಲೆಯಲ್ಲಿ ಕೂರುತ್ತದೆ, ಆದರೂ ಕಾಯ್ದೆಯ ಲೆಕ್ಕದಲ್ಲಿ ಅದು ಪ್ರಾಥಮಿಕವೇ. ಹಾಗಾಗಿ 8ಕ್ಕೆ ಸೇರುವ ಮಗಳು ಒಳಗೆ ಬರುತ್ತಾಳೆ. 8 ಮುಗಿಸಿ 9ಕ್ಕೆ ಸೇರುವ ಮಗ ಹೊರಗೆ ಉಳಿಯುತ್ತಾನೆ.

ಎರಡನೆಯದು, ಮಗು ಹೋಗುತ್ತಿರುವ ಶಾಲೆ ಯಾವುದು ಅನ್ನುವುದು. 5ನೇ ಕಲಂ ಕೊಡುವ ಹಕ್ಕು ಅನುದಾನರಹಿತ ಖಾಸಗಿ ಶಾಲೆಗೆ ಹೋಗುವುದಕ್ಕೆ ಅಲ್ಲ. ಅವನ್ನೂ ವಿಶೇಷ ವರ್ಗದ ಶಾಲೆಗಳನ್ನೂ ಅಲ್ಲಿ ಹೊರಗಿಟ್ಟಿದ್ದಾರೆ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗುವಿಗೆ ಇದು ಗಟ್ಟಿ ಆಧಾರ. ಒಂದು ಖಾಸಗಿ ಶಾಲೆಯಿಂದ ಇನ್ನೊಂದು ಖಾಸಗಿ ಶಾಲೆಗೆ ಹೋಗುವವರು ಇದೊಂದನ್ನೇ ಹಿಡಿದು ಹೋದರೆ ಎದುರಿನ ವಕೀಲರು ಎರಡು ನಿಮಿಷದಲ್ಲಿ ಬೀಳಿಸುತ್ತಾರೆ. ನಮ್ಮ ಪ್ರಕರಣದಲ್ಲಿ ಇಬ್ಬರೂ ಸರ್ಕಾರಿ ಶಾಲೆಗೆ ಹೋಗುವವರು, ಆ ತೊಂದರೆ ಇರಲಿಲ್ಲ.

ಇದನ್ನು ನೋಡಿಕೊಂಡು ನಾವು ಮಾಡಿದ ಮೊದಲ ತೀರ್ಮಾನ: ಅರ್ಜಿ ಬೇರೆ ಬೇರೆ ಹಾಕಬೇಕು. ತಂದೆಗೆ ಇದು ಸರಿ ಕಾಣಲಿಲ್ಲ. "ಒಂದ ಮನಿ, ಒಂದ ಸಾಲಿ, ಎರಡ ಅರ್ಜಿ ಯಾಕ್ರಿ ಸರ?" ಅಂದರು. ಒಂದೇ ಅರ್ಜಿಯಲ್ಲಿ ಇಬ್ಬರನ್ನೂ ಸೇರಿಸಿದರೆ ಮಗನ ವಿಷಯದಲ್ಲಿ ಎದ್ದ ತಕರಾರು ಮಗಳ ಟಿಸಿಯನ್ನೂ ಹಿಡಿದು ನಿಲ್ಲಿಸುತ್ತದೆ. ಕಚೇರಿಯಲ್ಲಿ ಒಂದು ಕಡತ ಅಂದರೆ ಒಂದು ತೀರ್ಮಾನ. ಅರ್ಧ ಹೌದು ಅರ್ಧ ಇಲ್ಲ ಅಂತ ಬರೆಯುವುದಕ್ಕಿಂತ ಪೂರ್ತಿ ಬಾಕಿ ಇಡುವುದು ಸುಲಭ ಅಂತ ಗುಮಾಸ್ತರಿಗೆ ಗೊತ್ತು.

ಮೇಲ್ಮನವಿಗೆ ಮೊದಲು ಶಾಲೆಗೇ ಅರ್ಜಿ

ಬಿಇಒ ಹತ್ತಿರ ಹೋದಾಗ ಅವರು ಕೇಳುವ ಮೊದಲ ಪ್ರಶ್ನೆ, ಶಾಲೆಗೆ ಬರೆದು ಕೇಳಿದ್ದೀರಾ ಅಂತ. ಅದಕ್ಕೇ ಮುಖ್ಯ ಶಿಕ್ಷಕರಿಗೆ ಎರಡು ಅರ್ಜಿ ಬರೆದೆವು. ಮಗುವಿನ ಹೆಸರು, ದಾಖಲಾತಿ ಸಂಖ್ಯೆ, ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನ ನಂಬರ್, ಓದಿದ ತರಗತಿ, ಸೇರಲಿರುವ ಶಾಲೆ, ಇಷ್ಟೇ. ಫೀಸಿನ ವಿಷಯ ಒಂದಕ್ಷರ ಬರೆಯಲಿಲ್ಲ. ಬಡತನ, ಬರ, ಸಾಲ ಯಾವುದನ್ನೂ ಬರೆಯಲಿಲ್ಲ. ಟಿಸಿ ಕೇಳುವ ಅರ್ಜಿಯಲ್ಲಿ ಫೀಸಿನ ಬಗ್ಗೆ ಕಷ್ಟ ಹೇಳಿಕೊಂಡರೆ, ಎರಡಕ್ಕೂ ಸಂಬಂಧ ಇದೆ ಅಂತ ನಾವೇ ಒಪ್ಪಿದ ಹಾಗೆ ಆಗುತ್ತದೆ.

ಶಾಲೆಯವರು ಅರ್ಜಿ ತೆಗೆದುಕೊಳ್ಳಲಿಲ್ಲ. ಸ್ವೀಕೃತಿ ಕೊಡಲು ಸೀಲ್ ಇಲ್ಲ ಅಂದರು. ಅಲ್ಲೇ ಜಗಳ ಮಾಡದೆ, ಅಂಚೆ ಕಚೇರಿಗೆ ಹೋಗಿ ಎರಡನ್ನೂ ಬೇರೆ ಬೇರೆ ಕವರಿನಲ್ಲಿ ಸ್ವೀಕೃತಿ ಕಾರ್ಡ್ ಸಮೇತ ರಿಜಿಸ್ಟರ್ ಪೋಸ್ಟ್ ಮಾಡಿದೆವು. ಶಾಲೆಯ ಸಹಿ ಇರುವ ಕಾರ್ಡು ವಾಪಸ್ ಬಂತು. ಮುಂದೆ ವಿಚಾರಣೆಯಲ್ಲಿ "ಇವರು ನಮ್ಮನ್ನು ಕೇಳೇ ಇಲ್ಲ" ಅಂತ ಶಾಲೆಯವರು ಶುರು ಮಾಡಿದಾಗ ಮೇಜಿನ ಮೇಲೆ ಇಟ್ಟಿದ್ದು ಈ ಕಾರ್ಡನ್ನೇ.

ಜೊತೆಗೆ ತಂದೆ ಒಂದು ಕೆಲಸ ಚೆನ್ನಾಗಿ ಮಾಡಿದರು. ಆಫೀಸಿನಲ್ಲಿ, ಎಷ್ಟು ಬಾಕಿ ಅಂತ ಬರೆದುಕೊಡಿ, ದುಡ್ಡು ಹೊಂದಿಸಬೇಕು ಅಂದರು. ಕ್ಲರ್ಕ್ ಖುಷಿಯಾಗಿ ಶಾಲೆಯ ಲೆಟರ್‌ಹೆಡ್ಡಿನಲ್ಲೇ ಬರೆದುಕೊಟ್ಟ: ಬಾಕಿ 41,000, ಕಟ್ಟಿದ ನಂತರ ಟಿಸಿ ನೀಡಲಾಗುವುದು. ಇಂಥ ಹಾಳೆ ಸಿಗುವುದು ಅಪರೂಪ. ಸಾಮಾನ್ಯವಾಗಿ ಶಾಲೆಗಳು ಕಾರಣವನ್ನು ಬರೆದು ಕೊಡುವುದೇ ಇಲ್ಲ.

ಮಗಳನ್ನು ಮೊದಲು ಶಾಲೆಗೆ ಸೇರಿಸಿದ್ದು

ಟಿಸಿಗಾಗಿ ಕಾಯುತ್ತಾ ಮಗುವನ್ನು ಮನೆಯಲ್ಲಿ ಕೂರಿಸಿಕೊಳ್ಳುವುದು ಬಹಳ ಜನ ಮಾಡುವ ಕೆಲಸ. ಅದರಿಂದ ಖಾಸಗಿ ಶಾಲೆಗೇ ಬಲ ಬರುತ್ತದೆ. ದಿನ ಕಳೆದಂತೆ ಅಪ್ಪ ಅಮ್ಮ ಹೆದರುತ್ತಾರೆ, ಬಡ್ಡಿಗಾದರೂ ತಂದು ಕಟ್ಟುತ್ತಾರೆ. ಆದ್ದರಿಂದ 5(3)ರ ಎರಡನೇ ಮಾತನ್ನು ಹಿಡಿದು ಮಗಳನ್ನು ಸರ್ಕಾರಿ ಪ್ರೌಢಶಾಲೆಗೆ ಕರೆದುಕೊಂಡು ಹೋದೆವು.

ಅಲ್ಲಿನ ಮುಖ್ಯ ಶಿಕ್ಷಕರು ಕೆಟ್ಟವರಲ್ಲ, ಆದರೆ ಹಿಂಜರಿದರು. ಅವರ ಚಿಂತೆ ಸ್ಯಾಟ್ಸ್ ಬಗ್ಗೆ. ಮಗುವಿನ ನಂಬರ್ ಹಳೆ ಶಾಲೆಯ ಲಾಗಿನ್‌ನಲ್ಲೇ ಇರುತ್ತದೆ. ಆ ಶಾಲೆ ಟಿಸಿ ಕೊಟ್ಟಂತೆ ಎಂಟ್ರಿ ಹಾಕದೆ ಇವರ ಪಟ್ಟಿಗೆ ಹೆಸರು ಬರುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಮಗುವಿಗೆ ಪಠ್ಯಪುಸ್ತಕ, ಬಿಸಿಯೂಟ, ಮೊಟ್ಟೆ ಲೆಕ್ಕ ಹೇಗೆ ಕೊಡುವುದು? ಸ್ಕಾಲರ್‌ಶಿಪ್ ಅರ್ಜಿಗೂ ಆ ನಂಬರೇ ಬೇಕು. ಅವರ ಮಾತು ಸುಳ್ಳಲ್ಲ.

ನಾವು ವಾದ ಮಾಡಲಿಲ್ಲ. 5(3)ರಂತೆ ಟಿಸಿ ಬರುವವರೆಗೆ ತಾತ್ಕಾಲಿಕವಾಗಿ ಪ್ರವೇಶ ಕೊಡಿ, ಆಗದಿದ್ದರೆ ಕಾರಣವನ್ನು ಬರೆದುಕೊಡಿ ಅಂತ ಒಂದು ಅರ್ಜಿ ಕೊಟ್ಟೆವು. ಅವರು ಶಿಕ್ಷಣ ಸಂಯೋಜಕರಿಗೆ ಫೋನ್ ಮಾಡಿದರು. ಬರೆದುಕೊಡಬೇಡಿ, ಮಗುವನ್ನು ಕೂರಿಸಿಕೊಳ್ಳಿ ಅಂತ ಆ ಕಡೆಯಿಂದ ಹೇಳಿದರು. ಮಗಳು ಮಾರನೇ ದಿನದಿಂದ ಕ್ಲಾಸಿಗೆ ಹೋದಳು. ಪುಸ್ತಕವನ್ನು ಹಿಂದಿನ ವರ್ಷದ ಹುಡುಗಿಯೊಬ್ಬಳಿಂದ ತಂದುಕೊಂಡಳು.

ಮಗನ ವಿಷಯದಲ್ಲಿ ಅದೇ ಮುಖ್ಯ ಶಿಕ್ಷಕರು ಒಪ್ಪಲಿಲ್ಲ. 9ನೇ ತರಗತಿ, ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ನೋಂದಣಿ, ನಾನು ರಿಸ್ಕ್ ತೆಗೆದುಕೊಳ್ಳಲ್ಲ ಅಂದರು. ಅವರನ್ನು ಒತ್ತಾಯಿಸಲು ನಮ್ಮ ಕೈಯಲ್ಲಿ ಕಲಂ ಇರಲಿಲ್ಲ. ಕ್ಲಾಸಿನ ಹಿಂದೆ ಕೂತು ಕೇಳಲಿ, ಹಾಜರಿ ಹಾಕುವುದಿಲ್ಲ ಅಂತ ಅಷ್ಟಕ್ಕೆ ಒಪ್ಪಿದರು. ಹುಡುಗ ನಾಲ್ಕು ದಿನ ಹೋದ. ಹಾಜರಿ ಕರೆಯುವಾಗ ತನ್ನ ಹೆಸರು ಬರುವುದಿಲ್ಲ ಅಂತ ಬಿಟ್ಟ. ಹದಿನಾಲ್ಕು ವರ್ಷದ ಹುಡುಗನಿಗೆ ಅದು ಸಣ್ಣ ಅವಮಾನ ಅಲ್ಲ.

ಬಿಇಒಗೆ ಮೇಲ್ಮನವಿ

ರಿಜಿಸ್ಟರ್ ಪೋಸ್ಟಿನ ಕಾರ್ಡು ಬಂದು ಒಂದು ವಾರ ಕಾದು, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಎರಡು ಮೇಲ್ಮನವಿ ಕೊಟ್ಟೆವು. ಮಗಳದ್ದರ ಮುಖ್ಯ ಭಾಗ ಹೀಗಿತ್ತು:

"ನನ್ನ ಮಗಳು ಸದರಿ ಶಾಲೆಯಲ್ಲಿ 7ನೇ ತರಗತಿ ಮುಗಿಸಿದ್ದು, ಸರ್ಕಾರಿ ಪ್ರೌಢಶಾಲೆಯಲ್ಲಿ 8ನೇ ತರಗತಿಗೆ ಸೇರಬೇಕಾಗಿದೆ. ವರ್ಗಾವಣೆ ಪ್ರಮಾಣಪತ್ರಕ್ಕಾಗಿ ನಾನು ಲಿಖಿತವಾಗಿ ಕೇಳಿದ್ದೇನೆ (ಸ್ವೀಕೃತಿ ಲಗತ್ತಿಸಿದೆ). ಶುಲ್ಕ ಬಾಕಿ ಇದೆ ಎಂಬ ಒಂದೇ ಕಾರಣ ಹೇಳಿ ಕೊಟ್ಟಿಲ್ಲ (ಶಾಲೆಯ ಪತ್ರ ಲಗತ್ತಿಸಿದೆ). ಶುಲ್ಕದ ಲೆಕ್ಕ ನನ್ನ ಮತ್ತು ಶಾಲೆಯ ನಡುವಿನ ಪ್ರತ್ಯೇಕ ವಿಷಯ. ಕಾಯ್ದೆಯ ಕಲಂ 5(3)ರಂತೆ ಟಿಸಿಯನ್ನು ಕೂಡಲೇ ನೀಡಲು ಮತ್ತು ಸ್ಯಾಟ್ಸ್‌ನಲ್ಲಿ ವರ್ಗಾವಣೆ ಮಾಡಲು ಶಾಲೆಗೆ ಲಿಖಿತ ನಿರ್ದೇಶನ ನೀಡಬೇಕೆಂದು ಕೋರುತ್ತೇನೆ."

ಅರ್ಧ ಪುಟ, ಅಷ್ಟೇ. ಸ್ಯಾಟ್ಸ್ ಅನ್ನುವ ಪದವನ್ನೂ "ಲಿಖಿತ" ಅನ್ನುವ ಪದವನ್ನೂ ಬೇಕಂತಲೇ ಹಾಕಿದ್ದು. ಮಗನ ಅರ್ಜಿಯಲ್ಲಿ 5ನೇ ಕಲಂ ಹಾಕಲಿಲ್ಲ. ಹಾಕಿದ್ದರೆ ಶಾಲೆಯವರು ಅದನ್ನೇ ಹಿಡಿದುಕೊಂಡು, ಅನ್ವಯಿಸುವುದಿಲ್ಲ ಅಂತ ಇಡೀ ಅರ್ಜಿಯನ್ನು ತಳ್ಳುತ್ತಿದ್ದರು. ಅದರ ಬದಲು, ಟಿಸಿ ಮಗುವಿನ ದಾಖಲೆ, ಸಾಲಕ್ಕೆ ಅಡವು ಇಡುವ ವಸ್ತುವಲ್ಲ, ಮಾನ್ಯತೆ ಪಡೆದ ಶಾಲೆ ಇಲಾಖೆಯ ನಿಯಂತ್ರಣದಲ್ಲಿದೆ, ಆದ್ದರಿಂದ ನಿರ್ದೇಶನ ಕೊಡಿ ಅಂತ ಬರೆದೆವು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಶುಲ್ಕ ಕಟ್ಟದ ಮಕ್ಕಳನ್ನು ತಡೆಯಬಾರದು ಅಂತ ಸುಪ್ರೀಂ ಕೋರ್ಟ್ 2021ರ ಮೇ ತಿಂಗಳಲ್ಲಿ ಹೇಳಿದೆ ಅಂತ ಯಾರೋ ತಂದೆಗೆ ಪಿಡಿಎಫ್ ಕಳಿಸಿದ್ದರು, ಅದನ್ನೂ ಲಗತ್ತಿಸೋಣ ಅಂದರು. ಆ ತೀರ್ಪು ರಾಜಸ್ಥಾನದ ಖಾಸಗಿ ಶಾಲೆಗಳು ಕೋವಿಡ್ ವರ್ಷದ ಶುಲ್ಕದ ಬಗ್ಗೆ ಹಾಕಿದ್ದ ಪ್ರಕರಣದ್ದು. 2023-24ರ ಬಾಕಿಗೆ ಅದನ್ನು ತೋರಿಸಿದರೆ, ಎದುರಿನವರು ಅದು ಕೋವಿಡ್ ವರ್ಷದ್ದು ಅನ್ನುತ್ತಾರೆ. ಆಮೇಲೆ ನಮ್ಮ ಗಟ್ಟಿ ಮಾತಿಗೂ ಬೆಲೆ ಹೋಗುತ್ತದೆ. ಅದನ್ನು ಬಿಟ್ಟೆವು.

ಅರ್ಜಿಯನ್ನು ಸಾಹೇಬರ ಕೈಗೆ ಕೊಡದೆ ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡೆವು. ಒಂದು ಪ್ರತಿ ರಾಯಚೂರಿನ ಉಪನಿರ್ದೇಶಕರ ಕಚೇರಿಗೆ ಅಂಚೆಯಲ್ಲಿ ಹೋಯಿತು. ಮೇಲಿನ ಕಚೇರಿಗೆ ಪ್ರತಿ ಹೋಗಿದೆ ಅಂತ ಕೆಳಗೆ ಗೊತ್ತಾದರೆ ಕಡತ ಸ್ವಲ್ಪ ಬೇಗ ಅಲ್ಲಾಡುತ್ತದೆ. ನಾನು ಒಳಗಿದ್ದು ನೋಡಿದ್ದು ಇದು.

ಶಾಲೆಯ ಉತ್ತರ ಮತ್ತು ವಿಚಾರಣೆ

ಬಿಇಒ ಏಳು ದಿನದಲ್ಲಿ ಸಮಜಾಯಿಷಿ ಕೇಳಿ ನೋಟಿಸ್ ಕಳಿಸಿದರು. ಶಾಲೆ ಬರೆದ ಉತ್ತರ ಎರಡು ಪುಟ ಇತ್ತು. ಈ ಮಕ್ಕಳು ಆರ್‌ಟಿಇ ಸೀಟಿನವರಲ್ಲ, ಆದ್ದರಿಂದ ಆ ಕಾಯ್ದೆ ಅನ್ವಯಿಸುವುದಿಲ್ಲ. ಪ್ರವೇಶದ ವೇಳೆ ಪೋಷಕರು, ಬಾಕಿ ಇದ್ದರೆ ಟಿಸಿ ಕೇಳುವುದಿಲ್ಲ ಅಂತ ಸಹಿ ಮಾಡಿದ್ದಾರೆ. ಟಿಸಿ ಸಿದ್ಧ ಇದೆ, ಹಣ ಕಟ್ಟಿದ ದಿನವೇ ಕೊಡುತ್ತೇವೆ.

ಈ ಪ್ರಕರಣ ತಿರುಗಿದ್ದು ಇಲ್ಲೇ. ಕೊನೆಯ ವಾಕ್ಯದಿಂದ ಫಲಿತಾಂಶ ಬಂದಿಲ್ಲ, ದಾಖಲೆ ಸರಿ ಇಲ್ಲ ಅನ್ನುವ ನೆಪಗಳೆಲ್ಲ ಮುಗಿದವು. ಫೀಸು ಬಿಟ್ಟು ಬೇರೆ ಕಾರಣ ಇಲ್ಲ ಅಂತ ಶಾಲೆಯೇ ಬರೆದುಕೊಟ್ಟ ಹಾಗಾಯಿತು. ಆರ್‌ಟಿಇ ಸೀಟಿನ ಮಾತೂ ನಿಲ್ಲಲಿಲ್ಲ. ಶೇಕಡ 25ರ ಸೀಟು ಆ ಕಾಯ್ದೆಯ 12ನೇ ಕಲಮಿನ ವಿಷಯ. 5ನೇ ಕಲಂ ಆ ಸೀಟಿನ ಮಕ್ಕಳಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ.

ಜುಲೈನಲ್ಲಿ ಬಿಇಒ ಎರಡೂ ಕಡೆಯವರನ್ನು ಕರೆಸಿದರು. ಶಾಲೆಯ ಕಡೆಯಿಂದ ಸಂಸ್ಥೆಯ ಕಾರ್ಯದರ್ಶಿ ಬಂದಿದ್ದರು. ಅವರ ಮಾತನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು. "ಹೀಂಗ ಎಲ್ಲಾರೂ ಬಾಕಿ ಇಟ್ಟು ಟಿಸಿ ಒಯ್ದ್ರ ನಾವು ಟೀಚರಿಗೆ ಪಗಾರ ಎಲ್ಲಿಂದ ಕೊಡೂದ್ರಿ? ಬರ ನಮಗೂ ಬಂದೈತಿ" ಅಂದರು. ಸಣ್ಣ ಊರಿನ ಶಾಲೆ, ಆ ವರ್ಷ ಸುಮಾರು ಮಂದಿ ಫೀಸು ಕಟ್ಟಿರಲಿಲ್ಲ. ಅವರ ಕಷ್ಟ ನಿಜವೇ. ಆದರೆ ಬಾಕಿ ವಸೂಲಿಗೆ ಬೇರೆ ದಾರಿ ಇದೆ. ಬೇಕಿದ್ದರೆ ಸಿವಿಲ್ ದಾವೆ ಹಾಕಬಹುದು, ಮೂರು ವರ್ಷದವರೆಗೆ ಸಮಯ ಇರುತ್ತದೆ. ಮಗುವಿನ ಕಾಗದ ಹಿಡಿದುಕೊಂಡು ಕೂರುವುದು ಅದರಲ್ಲಿ ಒಂದಲ್ಲ.

ತಂದೆ ಏನು ಹೇಳಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಬಾಕಿ ಇಲ್ಲ ಅಂತ ಹೇಳಬಾರದು, ಮನ್ನಾ ಮಾಡಿ ಅಂತಲೂ ಕೇಳಬಾರದು. ಬಿಇಒ ಫೀಸು ಮನ್ನಾ ಮಾಡುವ ಕೋರ್ಟ್ ಅಲ್ಲ. ಅದನ್ನು ಕೇಳಿದರೆ ಮಾತೆಲ್ಲ ದುಡ್ಡಿನ ಕಡೆ ಹೋಗುತ್ತದೆ. ಅವರು ಹಾಗೇ ಮಾಡಿದರು. 36,000 ಕೊಡಬೇಕು, ಬೆಳೆ ಬಂದ ಮೇಲೆ ಕಂತಿನಲ್ಲಿ ಕೊಡುತ್ತೇನೆ, ಆದರೆ ಟಿಸಿಗೂ ಅದಕ್ಕೂ ಗಂಟು ಹಾಕಬೇಡಿ ಅಂದರು.

ಕಾರ್ಯದರ್ಶಿ ಕೂಡಲೇ, ಹಾಗಾದರೆ ಒಂದು ಚೆಕ್ ಕೊಡಿ, ದಿನಾಂಕ ಬೇಡ, ಈಗಲೇ ಎರಡೂ ಟಿಸಿ ಕೊಡುತ್ತೇನೆ ಅಂದರು. ಕೋಣೆಯಲ್ಲಿದ್ದ ಎಲ್ಲರಿಗೂ ಇದು ಒಳ್ಳೆ ರಾಜಿ ಅನ್ನಿಸಿತು. ತಂದೆ ಕೂಡ ನನ್ನ ಮುಖ ನೋಡಿದರು. ಬೇಡ ಅಂದೆ. ಇವತ್ತು ಆ ಬಾಕಿ ಬರೀ ಸಿವಿಲ್ ಸಾಲ. ಚೆಕ್ ಕೊಟ್ಟು ಅದು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಕ್ರಿಮಿನಲ್ ಪ್ರಕರಣ ಆಗಬಹುದು. ಕಾಲುವೆ ನೀರನ್ನು ನಂಬಿ ಬದುಕುವ ಮನುಷ್ಯ ದಿನಾಂಕ ಇಲ್ಲದ ಚೆಕ್ಕಿಗೆ ಸಹಿ ಹಾಕುವುದು ಎಂದರೆ ಏನು ಅಂತ ಯೋಚಿಸಿ. ಅದರ ಬದಲು ಬಿಳಿ ಹಾಳೆಯಲ್ಲಿ ಬರೆದುಕೊಟ್ಟರು: ನನ್ನ ಲೆಕ್ಕದಲ್ಲಿ ಬಾಕಿ 36,000, ಉಳಿದ 5,000ದ ಬಗ್ಗೆ ತಕರಾರು ಇದೆ. ಹೀಗೆ ಬರೆದುಕೊಟ್ಟರೆ ಶಾಲೆಗೆ ದಾವೆ ಹಾಕುವ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ ಅನ್ನುವುದು ನಿಜ. ಕೊಡುವ ಮನಸ್ಸಿರುವವನಿಗೆ ಅದರಿಂದ ನಷ್ಟ ಇಲ್ಲ.

ಅರ್ಧ ಆದೇಶ

ಎರಡು ದಿನದ ಮೇಲೆ ಬಿಇಒ ಪತ್ರ ಹೊರಟಿತು. ಮಗಳ ವಿಷಯದಲ್ಲಿ ಸ್ಪಷ್ಟ ಇತ್ತು: ಕಲಂ 5(3)ರಂತೆ ಮೂರು ದಿನದೊಳಗೆ ಟಿಸಿ ನೀಡಿ ವರದಿ ಸಲ್ಲಿಸುವುದು. ಮಗನ ಪತ್ರದಲ್ಲಿ ಇದ್ದಿದ್ದು, "ನಿಯಮಾನುಸಾರ ಸೂಕ್ತ ಕ್ರಮ ವಹಿಸುವುದು". ಇಲಾಖೆಯಲ್ಲಿ ಇದ್ದವರಿಗೆ ಈ ಸಾಲಿನ ಅರ್ಥ ಗೊತ್ತು. ಏನೂ ಮಾಡದಿದ್ದರೂ ಇದನ್ನು ಮೀರಿದಂತೆ ಆಗುವುದಿಲ್ಲ. ಶಾಲೆಯವರೂ ಓದಿಕೊಂಡರು. ಮಗಳ ಟಿಸಿ ಮೂರನೇ ದಿನಕ್ಕೆ ಬಂತು. ಮಗನದು ಬರಲಿಲ್ಲ.

ಬೇರೆ ಬೇರೆ ಅರ್ಜಿ ಹಾಕಿದ್ದು ಇಲ್ಲಿ ಕೆಲಸಕ್ಕೆ ಬಂತು. ಕನಿಷ್ಠ ಒಂದು ಮಗುವಿನ ವಿಷಯ ಮುಗಿದಿತ್ತು.

ಈಗ ಮಗನಿಗಾಗಿ ಉಪನಿರ್ದೇಶಕರಿಗೆ ಹೋಗಬೇಕಾಯಿತು. ಅದೇ ಹೊತ್ತಿಗೆ, 2024ರ ಜುಲೈನಲ್ಲಿ, ಮದ್ರಾಸ್ ಹೈಕೋರ್ಟಿನ ದ್ವಿಸದಸ್ಯ ಪೀಠದ ತೀರ್ಪು ಪತ್ರಿಕೆಗಳಲ್ಲಿ ಬಂತು. ಟಿಸಿ ಎನ್ನುವುದು ಶಾಲೆಗಳು ಬಾಕಿ ಶುಲ್ಕ ವಸೂಲಿ ಮಾಡುವ ಸಾಧನ ಅಲ್ಲ, ಟಿಸಿಯಲ್ಲಿ ಬಾಕಿಯ ಬಗ್ಗೆ ಬರೆಯುವಂತೆಯೂ ಇಲ್ಲ ಅಂತ ಅದರಲ್ಲಿ ಹೇಳಿದ್ದರು. ತಮಿಳುನಾಡಿನ ತೀರ್ಪು ಕರ್ನಾಟಕದ ಅಧಿಕಾರಿಯನ್ನು ಕಟ್ಟಿಹಾಕುವುದಿಲ್ಲ. ಆದರೆ ಸಹಿ ಹಾಕಲು ಹಿಂಜರಿಯುವ ಅಧಿಕಾರಿಗೆ, ಒಂದು ಹೈಕೋರ್ಟ್ ಹೀಗೆ ಹೇಳಿದೆ ಅನ್ನುವ ಧೈರ್ಯ ಕೊಡುತ್ತದೆ. ಕೋವಿಡ್ ತೀರ್ಪಿನ ಹಾಗಲ್ಲ, ಇದು ನೇರವಾಗಿ ನಮ್ಮ ವಿಷಯವೇ. ಲಗತ್ತಿಸಿದೆವು. ಶಾಲೆ ಬರೆದ "ಟಿಸಿ ಸಿದ್ಧ ಇದೆ" ಅನ್ನುವ ಪತ್ರವನ್ನೂ ಅಡಿಗೆರೆ ಹಾಕಿ ಲಗತ್ತಿಸಿದೆವು.

ಉಪನಿರ್ದೇಶಕರ ಕಚೇರಿಯಿಂದ ಬಿಇಒಗೆ ಪತ್ರ ಬಂತು. ಈ ಸಲ ಭಾಷೆ ಬೇರೆ: ಟಿಸಿ ಕೊಡಿಸಿ ವರದಿ ಮಾಡಿ. ಆದರೂ ನನ್ನ ಅಂದಾಜಿನಲ್ಲಿ ಕೆಲಸ ಮಾಡಿದ್ದು ಪತ್ರ ಮಾತ್ರ ಅಲ್ಲ. ಆ ಶಾಲೆಯ ಮಾನ್ಯತೆ ನವೀಕರಣದ ಕಡತ ಅದೇ ಕಚೇರಿಯಲ್ಲಿ ಬಾಕಿ ಇತ್ತು. ಖಾಸಗಿ ಶಾಲೆಯ ಮುಖ್ಯ ಶಿಕ್ಷಕರ ಮೇಲೆ ಬಿಇಒ ನೇರವಾಗಿ ಶಿಸ್ತುಕ್ರಮ ತೆಗೆದುಕೊಳ್ಳುವುದು ಕಷ್ಟ, ಅವರು ಸಂಸ್ಥೆಯ ನೌಕರರು. ನವೀಕರಣ ಮಾತ್ರ ಇಲಾಖೆಯ ಕೈಯಲ್ಲೇ ಇರುತ್ತದೆ. ಅದನ್ನು ನಾವು ಎಲ್ಲೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಲಿಲ್ಲ.

ಟಿಸಿ ಕೈಗೆ ಬಂದ ಮೇಲೆ

ಆಗಸ್ಟ್ ಎರಡನೇ ವಾರದಲ್ಲಿ ಮಗನ ಟಿಸಿ ಕೊಟ್ಟರು. ಆ ದಿನಗಳಲ್ಲೇ ಡ್ಯಾಮಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಕೊಂಡು ಹೋಗಿ ನೀರೆಲ್ಲ ನದಿಗೆ ಹರಿಯುತ್ತಿತ್ತು. ತಂದೆಗೆ ಟಿಸಿ ಸಿಕ್ಕ ಸಂತೋಷಕ್ಕಿಂತ ಆ ಚಿಂತೆಯೇ ಜಾಸ್ತಿ ಇತ್ತು. ಟಿಸಿಯನ್ನು ಓದದೆ ಜೇಬಿಗೆ ಇಟ್ಟುಕೊಂಡು ಬಂದಿದ್ದರು.

ಓದಿದರೆ, ಷರಾ ಜಾಗದಲ್ಲಿ ಕೆಂಪು ಶಾಯಿಯಲ್ಲಿ "ಶುಲ್ಕ ಬಾಕಿ ರೂ. 41,000" ಅಂತ ಬರೆದಿತ್ತು. ತಕರಾರಿನ 5,000ವನ್ನೂ ಸೇರಿಸಿದ್ದರು. ಶುಲ್ಕವೆಲ್ಲ ಪಾವತಿಸಿದ್ದಾರೆಯೇ ಅನ್ನುವ ಕಾಲಮಿನಲ್ಲಿ "ಇಲ್ಲ" ಅಂತಲೂ ಇತ್ತು.

ಇರಲಿ ಬಿಡ್ರಿ ಅಂದರು ತಂದೆ. ಸರ್ಕಾರಿ ಶಾಲೆಯವರೂ ಇದನ್ನೇ ತೆಗೆದುಕೊಳ್ಳುತ್ತೇವೆ ಅಂದರು. ಹುಡುಗ ಆಗಲೇ ಮೊದಲ ರೂಪಣಾತ್ಮಕ ಪರೀಕ್ಷೆ ಕಳೆದುಕೊಂಡಿದ್ದ. ಇನ್ನು ತಡ ಮಾಡುವುದು ಬೇಡ ಅನ್ನುವುದು ಸರಿಯೇ. ಆದ್ದರಿಂದ ಎರಡನ್ನೂ ಒಟ್ಟಿಗೆ ಮಾಡಿದೆವು. ಆ ಟಿಸಿ ತೋರಿಸಿ ಪ್ರವೇಶ ಮಾಡಿಸಿದೆವು. ಅದರ ಜೆರಾಕ್ಸ್ ಇಟ್ಟುಕೊಂಡು, ಷರಾ ತೆಗೆದು ಹೊಸದು ಕೊಡಿಸಿ ಅಂತ ಬಿಇಒಗೆ ಇನ್ನೊಂದು ಅರ್ಜಿ ಹಾಕಿದೆವು. ಪಿಯುಸಿ ಪ್ರವೇಶಕ್ಕೆ, 371(ಜೆ) ಪ್ರಮಾಣಪತ್ರಕ್ಕೆ ವ್ಯಾಸಂಗದ ದಾಖಲೆ ಕೇಳುವಾಗ, ಹೀಗೆ ಎಲ್ಲೆಲ್ಲೋ ಹುಡುಗನ ಹಳೆ ಕಾಗದ ಹೊರಗೆ ಬರುತ್ತದೆ. ಅಪ್ಪನ ಸಾಲ ಅವನ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಇರಬೇಕಾಗಿಲ್ಲ. ಮದ್ರಾಸ್ ತೀರ್ಪಿನ ಆ ಇನ್ನೊಂದು ಸಾಲು ಇಲ್ಲಿ ನೆರವಾಯಿತು. ಶಾಲೆ ಷರಾ ತೆಗೆದು ಬೇರೆ ಟಿಸಿ ಕೊಟ್ಟಿತು. ಕಾಲಮಿನಲ್ಲಿದ್ದ "ಇಲ್ಲ" ಮಾತ್ರ ಹಾಗೇ ಉಳಿಯಿತು. ನಮೂನೆಯಲ್ಲೇ ಆ ಪ್ರಶ್ನೆ ಇದೆ, ಸುಳ್ಳು ಬರೆಯಲಾ ಅಂತ ಶಾಲೆ ಕೇಳಿತು. ಅದಕ್ಕೆ ಉತ್ತರ ನಮ್ಮ ಹತ್ತಿರವೂ ಇರಲಿಲ್ಲ, ಬಿಟ್ಟೆವು.

ಸ್ಯಾಟ್ಸ್ ಕಥೆ ಇನ್ನೊಂದು. ಮಗನ ಟಿಸಿ ಕಾಗದದಲ್ಲಿ ಬಂದಿತ್ತು, ಕಂಪ್ಯೂಟರಿನಲ್ಲಿ ಅವನು ಇನ್ನೂ ಹಳೆ ಶಾಲೆಯ 9ನೇ ತರಗತಿಯಲ್ಲೇ ಇದ್ದ. ಮುಖ್ಯ ಶಿಕ್ಷಕರು ನಂಬರ್ ಹಾಕಿ ನೋಡಿದಾಗಲೇ ಗೊತ್ತಾಗಿದ್ದು. ಅರ್ಜಿಯಲ್ಲಿ ಟಿಸಿ ಅಂತ ಮಾತ್ರ ಇದ್ದಿದ್ದರೆ ಮತ್ತೊಂದು ಮೇಲ್ಮನವಿ ಬೇಕಾಗುತ್ತಿತ್ತೇನೋ. ಮೊದಲ ಅರ್ಜಿಯಲ್ಲೇ ಸ್ಯಾಟ್ಸ್ ವರ್ಗಾವಣೆ ಕೇಳಿದ್ದರಿಂದ ಶಿಕ್ಷಣ ಸಂಯೋಜಕರು ಆ ಸಾಲು ತೋರಿಸಿ ಫೋನಿನಲ್ಲೇ ಮಾಡಿಸಿದರು. ಟಿಸಿ ತರಲು ಹೋದವರು ಅಲ್ಲೇ ನಿಂತು, ಆನ್‌ಲೈನಿನಲ್ಲೂ ಆಯಿತಾ ಅಂತ ಕೇಳಿ ಬರುವುದು ಒಳ್ಳೆಯದು.

ಈಗ

ಡ್ಯಾಮಿಗೆ ಆ ವರ್ಷ ಮತ್ತೆ ನೀರು ಬಂತು, ಇವರ ಭತ್ತವೂ ಉಳಿಯಿತು. ಡಿಸೆಂಬರಿನಲ್ಲಿ ತಂದೆ ಶಾಲೆಗೆ ಹೋಗಿ 10,000 ಕಟ್ಟಿ ಬಂದರು, ಈ ಸಲ ರಸೀದಿ ತೆಗೆದುಕೊಂಡರು. ಕಾರ್ಯದರ್ಶಿ ಚಹಾ ಕುಡಿಸಿದರಂತೆ. ತಕರಾರಿನ 5,000 ಇನ್ನೂ ತಕರಾರಿನಲ್ಲೇ ಇದೆ, ಶಾಲೆ ದಾವೆ ಹಾಕಿಲ್ಲ. ಹುಡುಗ 9 ಪಾಸಾದ. ಗಣಿತದಲ್ಲಿ ಮೊದಲ ಎರಡು ತಿಂಗಳ ಪಾಠ ತಪ್ಪಿದ್ದು ವರ್ಷವಿಡೀ ಕಾಡಿತು ಅಂತ ಅವನ ಮೇಷ್ಟ್ರು ಹೇಳಿದರು.